ಹೋಂವರ್ಕ್ ತಪ್ಪಾಗಿ ಹೋದಾಗ

ನಾಲ್ಕನೇ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಸಂಜೆ 4.30ಕ್ಕೆ ಒಂದು ಸಂದೇಶ ಬರುತ್ತದೆ ಎಂದುಕೊಳ್ಳಿ: ‘ಗಣಿತ, ಪುಟ 46, ಲೆಕ್ಕ 1ರಿಂದ 10, ಸೋಮವಾರ ತರಬೇಕು.’ ಹೇಳಬೇಕಿದ್ದದ್ದು ಪುಟ 64, ಅದೂ ಐದೇ ಲೆಕ್ಕ. ಟೀಚರ್‌ಗೆ ಇದು ಗೊತ್ತಾಗುವ ಹೊತ್ತಿಗೆ ಆರು ಗಂಟೆ. ಅಷ್ಟರಲ್ಲಿ ಕೆಲವು ಮನೆಗಳಲ್ಲಿ ಮಕ್ಕಳು ನಾಲ್ಕು ಲೆಕ್ಕ ಮುಗಿಸಿ ಐದನೆಯದಕ್ಕೆ ಬಂದಿರುತ್ತಾರೆ.

ಹಳೆಯ ಸಂದೇಶವನ್ನೇ ಸದ್ದಿಲ್ಲದೆ ತಿದ್ದಿಬಿಡೋಣ ಅನ್ನಿಸುವುದು ಸಹಜ. ಆದರೆ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು ಸಿಗುವುದು ಮೊದಲ 15 ನಿಮಿಷ ಮಾತ್ರ. ಆ ಅವಧಿಯೊಳಗೆ ತಿದ್ದಿದರೂ ಫೋನ್ ಮತ್ತೆ ಸದ್ದು ಮಾಡುವುದಿಲ್ಲ. ಒಮ್ಮೆ ಓದಿ ಪಕ್ಕಕ್ಕಿಟ್ಟವರಿಗೆ ಪುಟ ಬದಲಾದದ್ದು ತಿಳಿಯುವುದೇ ಇಲ್ಲ. ಅಳಿಸಿಹಾಕಿದರೆ ಇನ್ನೊಂದು ಫಜೀತಿ. ‘ಏನು ಡಿಲೀಟ್ ಮಾಡಿದ್ರಿ ಮೇಡಂ?’ ಎಂಬ ಪ್ರಶ್ನೆಗಳು ಶುರುವಾಗುತ್ತವೆ, ಡೈರಿಗೆ ಬರೆದುಕೊಂಡದ್ದು ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಹಳೆಯದನ್ನು ಇದ್ದಲ್ಲೇ ಬಿಟ್ಟು, ಅದಕ್ಕೇ ರಿಪ್ಲೈ ಕೊಟ್ಟು ಹೊಸದನ್ನು ಕಳಿಸುವುದು ಲೇಸು. ಯಾವುದರ ತಿದ್ದುಪಡಿ ಎಂಬುದು ಆಗ ಕಣ್ಣೆದುರೇ ಇರುತ್ತದೆ.

ಬರೆಯುವುದು ಇಷ್ಟು ಸಾಕು:

‘ತಿದ್ದುಪಡಿ: 4ನೇ ತರಗತಿ, ಗಣಿತ ಹೋಂವರ್ಕ್. ಪುಟ 64, ಲೆಕ್ಕ 1ರಿಂದ 5. ಸೋಮವಾರ ತರಲಿ. ಮೊದಲು ನಾನು ಪುಟದ ಸಂಖ್ಯೆ ತಪ್ಪಾಗಿ ಕಳಿಸಿದ್ದೆ, ಕ್ಷಮಿಸಿ. ಪುಟ 46 ಆಗಲೇ ಮಾಡಿದ್ದರೆ ಅದನ್ನೇ ತರಲಿ, ಮತ್ತೆ ಬರೆಸುವುದು ಬೇಡ.’

ಸರಿಯಾದ ಪುಟ ಮೊದಲು ಬಂದು ಕ್ಷಮೆ ಆಮೇಲೆ ಬಂದದ್ದನ್ನು ಗಮನಿಸಿ. ಬೀಗ ಹಾಕಿದ ಫೋನಿನ ಪರದೆಯಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ಅಲ್ಲಿ ‘ಆತ್ಮೀಯ ಪೋಷಕರೇ, ತಮಗುಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ’ ಎಂದಿದ್ದರೆ ಅಡುಗೆಮನೆಯಲ್ಲಿರುವ ತಾಯಿ ಅದನ್ನು ತೆರೆಯುವುದು ಊಟವಾದ ಮೇಲೆಯೇ. ಸೋಮವಾರ ಎಂಬುದು ಬದಲಾಗಿಲ್ಲ, ಆದರೂ ಅದನ್ನು ಮತ್ತೆ ಹೇಳಬೇಕು. ಇಲ್ಲದಿದ್ದರೆ ‘ದಿನವೂ ಬದಲಾಯಿತೇ?’ ಎಂದು ಹತ್ತು ಜನ ಕೇಳುತ್ತಾರೆ. ಕ್ಷಮೆಗೆ ಒಂದು ಮಾತು ಸಾಕು. ಮನೆಯಲ್ಲಿ ಕರೆಂಟ್ ಇರಲಿಲ್ಲ, ಬೇರೆ ತರಗತಿಯದು ಸೇರಿಹೋಯಿತು ಎಂಬ ಕಾರಣಗಳು ಪೋಷಕರಿಗೆ ಬೇಕಿಲ್ಲ.

ನನ್ನ ಮಟ್ಟಿಗೆ ಇಡೀ ಸಂದೇಶದಲ್ಲಿ ನಿಜವಾದ ಕ್ಷಮಾಪಣೆ ಇರುವುದು ಕೊನೆಯ ಸಾಲಿನಲ್ಲಿ. ತಪ್ಪು ಟೀಚರದ್ದು, ಎರಡು ಸಲ ಬರೆಯುವ ಶಿಕ್ಷೆ ಮಗುವಿಗೆ ಆಗಬಾರದು. ಈ ಸಾಲು ಬಿಟ್ಟುಹೋದರೆ ರಾತ್ರಿ ಒಂಬತ್ತಕ್ಕೆ ಯಾವುದೋ ಮನೆಯಲ್ಲಿ ಅಳು ಖಂಡಿತ.

ಇಷ್ಟಾದರೂ ಎಲ್ಲರಿಗೂ ತಲುಪುವುದಿಲ್ಲ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಇನ್ನು ಕೆಲವರಿಗೆ ಓದಲು ಬರುವುದಿಲ್ಲ. ಅಂಥವರಿಗಾಗಿ ಇದನ್ನೇ ಅರ್ಧ ನಿಮಿಷದ ಧ್ವನಿ ಸಂದೇಶವಾಗಿಯೂ ಹಾಕಬಹುದು. ಸೋಮವಾರ ಯಾರಾದರೂ ಹಳೆಯ ಪುಟವನ್ನೇ ಬರೆದು ತಂದರೆ, ಟೀಚರ್, ಅದಕ್ಕೂ ರೈಟ್ ಹಾಕಿ.