ಪಾಸ್‌ಬುಕ್ಕಿನಲ್ಲಿದ್ದ ಮೂರು ಲಕ್ಷದ ನಲವತ್ತು ಸಾವಿರ

ದಾವಣಗೆರೆಯಲ್ಲಿ ಸಿಮೆಂಟು, ಕಬ್ಬಿಣ ಮಾರುವ ಪರಿಚಯದವರೊಬ್ಬರು ಏಪ್ರಿಲ್ ಮೊದಲ ವಾರ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿತ್ತು. "ಸಾರ್, ಖಾತೆಯಲ್ಲಿ ಮೂರು ಲಕ್ಷದ ಮೇಲೆ ದುಡ್ಡಿತ್ತು. ಲಾರಿಯವನಿಗೆ ಕೊಟ್ಟ ಜುಜುಬಿ ನಲವತ್ತು ಸಾವಿರದ ಚೆಕ್ ಬೌನ್ಸ್ ಮಾಡಿದ್ದಾರೆ!"

ಲೆಕ್ಕದ ಪುಸ್ತಕ ತರಿಸಿ ನೋಡಿದೆ. ಮಾರ್ಚ್ 31ರಂದು ಬ್ಯಾಂಕಿನವರ ಪ್ರಕಾರ ಖಾತೆಯಲ್ಲಿದ್ದದ್ದು 3,40,000 ರೂಪಾಯಿ. ಅಂಗಡಿಯ ಪುಸ್ತಕದಲ್ಲಿದ್ದದ್ದು 2,65,000. ವ್ಯತ್ಯಾಸ 75,000. ಗುಮಾಸ್ತ ಅದನ್ನು ಕಂಡಿದ್ದ. ಯಾವುದೋ ಒಂದು ಚೆಕ್ ಇನ್ನೂ ಪಾಸಾಗಿಲ್ಲ ಎಂದುಕೊಂಡು ಸುಮ್ಮನಾಗಿದ್ದ. ಆದರೆ 75,000ದ ಚೆಕ್ ಅಲ್ಲಿ ಒಂದೂ ಇರಲಿಲ್ಲ. ಎರಡು ಬೇರೆ ಬೇರೆ ಸಂಗತಿಗಳು ಎದುರುಬದುರಾಗಿ ನಿಂತು ಒಂದನ್ನೊಂದು ಮುಚ್ಚಿಕೊಂಡಿದ್ದವು.

ಮೊದಲನೆಯದು, ಕೊಟ್ಟ ಚೆಕ್‌ಗಳು. ಮಾರ್ಚ್ 5ರಂದು ಲಾರಿ ಮಾಲೀಕರಿಗೆ 40,000, ಮಾರ್ಚ್ 28ರಂದು ಸಿಮೆಂಟ್ ಡೀಲರಿಗೆ 1,25,000 ಬರೆದುಕೊಟ್ಟಿದ್ದರು. ಇಬ್ಬರೂ ತಿಂಗಳ ಕೊನೆಯವರೆಗೆ ಚೆಕ್ಕನ್ನು ಬ್ಯಾಂಕಿಗೆ ಹಾಕಿರಲಿಲ್ಲ. ಬರೆದುಕೊಟ್ಟ ದಿನವೇ ನಮ್ಮ ಪುಸ್ತಕದಲ್ಲಿ ಅದನ್ನು ಕಳೆಯಬೇಕು, ಗುಮಾಸ್ತ ಕಳೆದಿದ್ದ. ಬ್ಯಾಂಕಿಗೆ ಮಾತ್ರ ಚೆಕ್ ಕೈಗೆ ಬರುವತನಕ ವಿಷಯವೇ ಗೊತ್ತಿರುವುದಿಲ್ಲ. ಹಾಗಾಗಿ ಪಾಸ್‌ಬುಕ್ಕಿನ 3,40,000ದಲ್ಲಿ 1,65,000 ಆಗಲೇ ಬೇರೆಯವರದು.

ಎರಡನೆಯದು, ಬಂದ ಚೆಕ್. ಕಂಟ್ರಾಕ್ಟರ್ ಒಬ್ಬರು ಉದ್ರಿ ಬಾಕಿಗೆ 90,000ದ ಚೆಕ್ಕನ್ನು ಮಾರ್ಚ್ 25ರಂದು ಕೊಟ್ಟಿದ್ದರು, ತಾರೀಖು ಏಪ್ರಿಲ್ 10ರದು. ಗುಮಾಸ್ತ ಆವತ್ತೇ ಬ್ಯಾಂಕಿಗೆ ಜಮಾ ಎಂದು ಬರೆದುಬಿಟ್ಟಿದ್ದ. ತಪ್ಪಾದದ್ದು ಇಲ್ಲಿ. ತಾರೀಖು ಬರುವತನಕ ಮುಂದಿನ ತಾರೀಖಿನ ಚೆಕ್ ಹಣವಲ್ಲ, ಕೊಡುತ್ತೇನೆಂಬ ಮಾತು. ಅವಸರಪಟ್ಟು ಮೊದಲೇ ಹಾಕಿದರೆ ಬ್ಯಾಂಕು ವಾಪಸು ಕಳಿಸುತ್ತದೆ. ಹಾಗೆ ಬಂದ ಚೆಕ್ಕಿನ ಮೇಲೆ ಬೌನ್ಸ್ ಕೇಸು ಹಾಕಲೂ ಬರುವುದಿಲ್ಲ.

ಈಗ ಲೆಕ್ಕ ಬಿಡಿಸಿ ನೋಡಿ. 3,40,000ದಲ್ಲಿ 1,65,000 ಕಳೆದರೆ ಉಳಿದದ್ದು 1,75,000. ಮಾರ್ಚ್ 31ಕ್ಕೆ ಇವರು ಖರ್ಚು ಮಾಡಬಹುದಾಗಿದ್ದ ದುಡ್ಡು ಅಷ್ಟೇ. ಪುಸ್ತಕ 2,65,000 ತೋರಿಸಿದ್ದು ಬಾರದ 90,000 ಸೇರಿಕೊಂಡಿದ್ದರಿಂದ. ಪಾಸ್‌ಬುಕ್ಕೂ ನಿಜ ಹೇಳಲಿಲ್ಲ, ಪುಸ್ತಕವೂ ಹೇಳಲಿಲ್ಲ. ಮಾಲೀಕರು ಮೊಬೈಲಿನಲ್ಲಿ ಬ್ಯಾಲೆನ್ಸ್ ನೋಡಿ ಧೈರ್ಯದಿಂದ ಕಬ್ಬಿಣದ ಹೊಸ ಲೋಡಿಗೆ 2,00,000ದ ಚೆಕ್ ಬರೆದರು. ಏಪ್ರಿಲ್ 2ರಂದು ಅದೂ ಡೀಲರ್ ಚೆಕ್ಕೂ ಪಾಸಾಗಿ ಖಾತೆಯಲ್ಲಿ ಉಳಿದದ್ದು 15,000. ಮರುದಿನ ಬಂದ ಲಾರಿಯವರ ಚೆಕ್ಕಿಗೆ ಅದು ಸಾಲಲಿಲ್ಲ.

ಕೊಟ್ಟ ಚೆಕ್ಕನ್ನು ಜನ ಯಾಕೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೋ, ನನಗಂತೂ ಈವರೆಗೆ ಅರ್ಥವಾಗಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯಸ್ಸು ಅದರ ತಾರೀಖಿನಿಂದ ಮೂರೇ ತಿಂಗಳು. ಮೊದಲು ಆರು ತಿಂಗಳಿತ್ತು. ಅವಧಿ ಮುಗಿದ ಚೆಕ್ಕನ್ನು ಪುಸ್ತಕದಲ್ಲಿ ತಿರುಗಿಸಿ ಬರೆಯಬೇಕು: ಬ್ಯಾಂಕಿಗೆ ಸೇರಿಸಿ, ಆ ಪಾರ್ಟಿಯ ಹೆಸರಿನಲ್ಲಿ ಮತ್ತೆ ಬಾಕಿ ತೋರಿಸಬೇಕು. ಚೆಕ್ ಸತ್ತರೂ ಸಾಲ ಸಾಯುವುದಿಲ್ಲ. ಅದನ್ನು ಲಾಭಕ್ಕೆ ಹಾಕಿಕೊಂಡವರನ್ನೂ ಕಂಡಿದ್ದೇನೆ.

ಕಂಟ್ರಾಕ್ಟರ್ ಚೆಕ್ಕಿನ ಎಂಟ್ರಿಯನ್ನು ತೆಗೆಸಿದೆವು. ಮಾರ್ಚ್ 31ರ ಪಟ್ಟಿಯಲ್ಲಿ 90,000 ಅವರ ಹೆಸರಿಗೆ ಬಾಕಿಯಾಗಿಯೇ ನಿಂತಿತು. ಒಂದು ನೋಟ್‌ಬುಕ್ಕಿನಲ್ಲಿ ಕೊಟ್ಟವರ ಹೆಸರು, ಚೆಕ್ ನಂಬರು, ಬ್ಯಾಂಕು, ತಾರೀಖು, ಮೊತ್ತ ಬರೆದು, ಚೆಕ್ಕನ್ನು ಬೀರುವಿನಲ್ಲಿಟ್ಟೆವು. ಟ್ಯಾಲಿಯಲ್ಲಿ ಬರೆಯುವವರಾದರೆ ರಶೀದಿಯ ಎಂಟ್ರಿಯಲ್ಲಿ Ctrl+T ಒತ್ತಿ ಪೋಸ್ಟ್ ಡೇಟೆಡ್ ಎಂದು ಗುರುತು ಮಾಡಬಹುದು. ಆ ತಾರೀಖು ಬರುವತನಕ ಅದು ಬ್ಯಾಲೆನ್ಸಿಗೆ ಸೇರುವುದಿಲ್ಲ. ಏಪ್ರಿಲ್ 10ರಂದು ಹಾಕಿದ ಚೆಕ್ ಹಣವಿಲ್ಲದೆ ವಾಪಸು ಬಂದರೆ, ಬ್ಯಾಂಕಿನ ಮೆಮೊ ಕೈಗೆ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನವಿದೆ.

ಬೌನ್ಸ್ ಆದ ಚೆಕ್ಕಿನ ವಿಷಯದಲ್ಲಿ ಇದೇ ಕಾನೂನು ನಮ್ಮ ಅಂಗಡಿಯವರಿಗೂ ಅನ್ವಯಿಸುತ್ತಿತ್ತು. ಅವರು ನೋಟಿಸಿಗೆ ಕಾಯದೆ ಲಾರಿ ಮಾಲೀಕರಿಗೆ 40,000ವನ್ನು ನೇರವಾಗಿ ಖಾತೆಗೆ ಕಳಿಸಿ, ಹಳೆಯ ಚೆಕ್ಕನ್ನು ವಾಪಸು ಪಡೆದರು. ಕಂಟ್ರಾಕ್ಟರ್ ಚೆಕ್ ಏಪ್ರಿಲ್ 10ರಂದು ಬ್ಯಾಂಕಿಗೆ ಹೋಯಿತು, ಪಾಸಾಯಿತು.