ಮೂಳೆಯ ಸುಣ್ಣ ಕರಗಿಸುವ ಮುನ್ನ

ಮೂಳೆಯ ಬಯಾಪ್ಸಿ ಮಾಡಿಸಿದವರ ಮನೆಯವರು ಲ್ಯಾಬಿನ ಕಿಟಕಿಯ ಮುಂದೆ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬೇರೆಯವರದ್ದು ಎರಡೇ ದಿನಕ್ಕೆ ಬಂತು, ನಮ್ಮ ರಿಪೋರ್ಟ್ ಯಾಕೆ ಇನ್ನೂ ಬಂದಿಲ್ಲ?" ಕಾರಣ ಇರುವುದು ಮೂಳೆಯಲ್ಲೇ. ಗಂಟಲಿನ ಚೂರನ್ನೋ ಸ್ತನದ ಗಂಟನ್ನೋ ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರಗಳಾಗಿ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕಿ ನೋಡುತ್ತಾರೆ. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳುಗಳು. ಮೆತ್ತನೆಯ ಮೇಣದ ನಡುವೆ ಅಂಥ ಗಟ್ಟಿ ಪದಾರ್ಥ ಇದ್ದರೆ ಬ್ಲೇಡು ಕರಕರ ಸದ್ದು ಮಾಡುತ್ತದೆ, ಪದರ ಹರಿಯುತ್ತದೆ, ಮೂಳೆಯ ಚೂರು ಸಿಡಿದು ಹೋಗಿ ಅಲ್ಲಿ ತೂತು ಉಳಿಯುತ್ತದೆ. ಹಾಗಾಗಿ ಮೊದಲು ಕ್ಯಾಲ್ಸಿಯಂ ತೆಗೆಯಬೇಕು. ಲ್ಯಾಬಿನವರು ಇದನ್ನು ಡೀಕ್ಯಾಲ್ ಎನ್ನುತ್ತಾರೆ.

ಡೀಕ್ಯಾಲ್‌ಗೆ ಎರಡು ದಾರಿಗಳಿವೆ. ಒಂದು ಆಮ್ಲ, ಇನ್ನೊಂದು ಇಡಿಟಿಎ. ಆಮ್ಲದಲ್ಲಿ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಇಡಿಟಿಎಗೆ ದಿನಗಳು ಬೇಕು. ಬೇಗ ಆಗುವುದನ್ನೇ ಆರಿಸಬಾರದೇಕೆ ಎಂದು ಕೇಳಬಹುದು. ಬಯಾಪ್ಸಿಯ ಚೂರನ್ನು ಈಗ ನಾವು ಬರೀ ಕಣ್ಣಿಂದ ನೋಡಿ ಬಿಡುವುದಿಲ್ಲ. ಅದರ ಜೀವಕೋಶಗಳ ಪ್ರೋಟೀನನ್ನು ಗುರುತಿಸುತ್ತೇವೆ, ಡಿಎನ್‌ಎ ತೆಗೆದು ಓದುತ್ತೇವೆ, ಅದರ ಮೇಲೆ ಔಷಧ ನಿರ್ಧಾರ ಆಗುತ್ತದೆ. ಆಮ್ಲ ಹಾಳು ಮಾಡುವುದು ಅದನ್ನೇ. ಒಮ್ಮೆ ಹಾಳಾದದ್ದನ್ನು ಯಾವ ಯಂತ್ರವೂ ಸರಿಮಾಡಲಾರದು.

ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಒರೆಸದೆ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಕಲೆ ಉಳಿಯುತ್ತದಲ್ಲ, ಮೂಳೆಯಲ್ಲೂ ನಡೆಯುವುದು ಅದೇ ಬಗೆಯ ಕ್ರಿಯೆ. ಆಮ್ಲ ಹರಳನ್ನು ಕರಗಿಸುತ್ತದೆ, ಕ್ಯಾಲ್ಸಿಯಂ ದ್ರವಕ್ಕೆ ಇಳಿಯುತ್ತದೆ, ಖನಿಜದಲ್ಲಿರುವ ಕಾರ್ಬೊನೇಟ್‌ನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳು ಪ್ರಬಲ. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ತೆಳ್ಳನೆಯ ಕಡ್ಡಿಯನ್ನು ಅವು ಸುಮಾರು ಒಂದು ಗಂಟೆಯಲ್ಲೇ ಮೆತ್ತಗೆ ಮಾಡಬಲ್ಲವು. ಶೇಕಡ 5ರಿಂದ 10ರ ಫಾರ್ಮಿಕ್ ಆಮ್ಲ ಸೌಮ್ಯ. ಅದೇ ಕಡ್ಡಿಗೆ ಕೆಲವು ಗಂಟೆಗಳಿಂದ ಒಂದು ರಾತ್ರಿಯವರೆಗೆ ಬೇಕಾಗುತ್ತದೆ.

ಆಮ್ಲ ಹರಳಿನ ಜೊತೆಗೆ ಡಿಎನ್‌ಎಯನ್ನೂ ಬಿಡುವುದಿಲ್ಲ. ಜರ್ಮನಿಯ ರಾಬರ್ಟ್ ಫಾಯ್ಲ್ಗೆನ್ 1924ರಲ್ಲಿ ಡಿಎನ್‌ಎಗೆ ಬಣ್ಣ ಹಾಕುವ ವಿಧಾನವೊಂದನ್ನು ಕಂಡುಹಿಡಿದರು. ಅದರ ಮೊದಲ ಹೆಜ್ಜೆಯೇ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಿಂದ ಡಿಎನ್‌ಎಯ ಪ್ಯೂರಿನ್ ಭಾಗಗಳನ್ನು ಕಿತ್ತು ತೆಗೆಯುವುದು. ಫಾಯ್ಲ್ಗೆನ್ ಅದನ್ನು ಅಳೆದು, ಲೆಕ್ಕ ಹಾಕಿ, ಬೇಕೆಂದೇ ಮಾಡಿದರು. ಡೀಕ್ಯಾಲ್ ಬಾಟಲಿಯಲ್ಲಿ ಅದೇ ಕ್ರಿಯೆ ನಮಗೆ ಬೇಡವಾಗಿದ್ದರೂ ನಡೆಯುತ್ತದೆ. ಪ್ಯೂರಿನ್ ಉದುರಿದ ಕಡೆ ಡಿಎನ್‌ಎ ಎಳೆ ತುಂಡಾಗುತ್ತದೆ. ಮೊದಲಿಗೆ ಹಿಮಟಾಕ್ಸಿಲಿನ್‌ನ ನೀಲಿ ಕೋಶಕೇಂದ್ರಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಕೇಂದ್ರಗಳು ಮಸುಕಾಗಿ, ಸ್ಲೈಡೆಲ್ಲ ಇಯೋಸಿನ್‌ನ ಗುಲಾಬಿ ಬಣ್ಣವೇ ಆಗಿಬಿಡುತ್ತದೆ. ಕಣ್ಣಿಗೆ ಈ ಮಸುಕು ಕಾಣುವ ಮೊದಲೇ ಜೀನ್ ಪರೀಕ್ಷೆಗೆ ಬೇಕಾದ ಉದ್ದದ ಎಳೆಗಳು ಹೋಗಿರುತ್ತವೆ.

ಇಡಿಟಿಎ ಕೆಲಸ ಮಾಡುವ ಬಗೆಯೇ ಬೇರೆ. ಫರ್ಡಿನಾಂಡ್ ಮ್ಯೂಂಟ್ಸ್ 1935ರಲ್ಲಿ ತಯಾರಿಸಿದ ಈ ರಾಸಾಯನಿಕ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹರಳಿನ ಹೊರಮೈಯಿಂದ ಬಿಡಿಯಾಗುವ ಕ್ಯಾಲ್ಸಿಯಂ ಅನ್ನು ಅದು ಕಟ್ಟಿಹಾಕುತ್ತದೆ. ಆ ಜಾಗಕ್ಕೆ ಒಳಪದರದಿಂದ ಇನ್ನಷ್ಟು ಬಿಡಿಯಾಗುತ್ತದೆ. ಹೀಗೆ ಹರಳು ಪದರ ಪದರವಾಗಿ ಸವೆಯುತ್ತದೆ. ಪಿಎಚ್ ಏಳರ ಆಸುಪಾಸಿನಲ್ಲೇ ಇದು ನಡೆಯುವುದರಿಂದ ಡಿಎನ್‌ಎಗೂ ಪ್ರೋಟೀನಿಗೂ ಪೆಟ್ಟು ತೀರಾ ಕಡಿಮೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 140 ಗ್ರಾಂ ಪುಡಿ ಹಾಕಿ ಶೇಕಡ 14ರ ದ್ರಾವಣ ಮಾಡುತ್ತಾರೆ. ಪುಡಿಯನ್ನು ನೀರಿಗೆ ಸುರಿದಾಗ ಅದು ಕರಗದೆ ಹಾಲಿನಂತೆ ಬೆಳ್ಳಗೆ ಸುತ್ತುತ್ತಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಪಿಎಚ್ ಏರಿಸಿದರೆ ಬಿಳುಪು ಹೋಗಿ ದ್ರವ ತಿಳಿಯಾಗುತ್ತದೆ. ಪಿಎಚ್ 7.2ರಿಂದ 7.4ರಲ್ಲಿ ನಿಲ್ಲಿಸಬೇಕು. ಪಿಎಚ್ ತುಂಬ ಇಳಿದರೆ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿಯುವುದೇ ಇಲ್ಲ.

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಹಿಳೆಗೆ ಈಗ ಸೊಂಟ ನೋವು. ಸ್ಕ್ಯಾನಿನಲ್ಲಿ ಮೂಳೆಯೊಳಗೆ ಒಂದು ಗಡ್ಡೆ ಕಂಡಿದೆ. ಸೋಮವಾರ ಸಿಟಿ ನೋಡಿಕೊಂಡೇ ಸೂಜಿ ಹಾಕಿ ಸೆಂಟಿಮೀಟರ್ ಉದ್ದದ ಎರಡು ಕಡ್ಡಿ ಮೂಳೆ ಮತ್ತು ಸ್ವಲ್ಪ ಮೆತ್ತನೆಯ ಚೂರುಗಳನ್ನು ತೆಗೆದಿದ್ದಾರೆ. ವೈದ್ಯರಿಗೆ ಬೇಕಾದ ಉತ್ತರ "ಇದು ಕ್ಯಾನ್ಸರ್ ಹೌದೋ ಅಲ್ಲವೋ" ಎಂಬುದಷ್ಟೇ ಅಲ್ಲ. ಈಸ್ಟ್ರೋಜನ್ ರಿಸೆಪ್ಟರ್ ಇದೆಯೇ, ಹರ್-2 ಇದೆಯೇ ಎಂಬುದೂ ಬೇಕು, ಏಕೆಂದರೆ ಇವು ಮೊದಲ ಗಡ್ಡೆಯಲ್ಲಿ ಇದ್ದಂತೆಯೇ ಮೂಳೆಗೆ ಹರಡಿದ ಗಡ್ಡೆಯಲ್ಲೂ ಇರಬೇಕೆಂದೇನಿಲ್ಲ. ಇಂಥ ಚೀಟಿ ಬಂದಾಗ ಪ್ರಬಲ ಆಮ್ಲದ ಬಾಟಲಿಯತ್ತ ಕೈ ಹೋಗಬಾರದು. ಮನೆಯವರೂ ವೈದ್ಯರೂ ಎಷ್ಟೇ ಅವಸರ ಮಾಡಿದರೂ ಇಲ್ಲಿ ಲ್ಯಾಬು ಗಟ್ಟಿಯಾಗಿ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕೆಲಸ, ಚೂರು ಫಾರ್ಮಲಿನ್‌ನಲ್ಲಿ ಚೆನ್ನಾಗಿ ಫಿಕ್ಸ್ ಆಗಬೇಕು. ರಿಸೆಪ್ಟರ್ ಪರೀಕ್ಷೆಗಳಿಗೆ ಕನಿಷ್ಠ ಆರು ಗಂಟೆ ಬೇಕು. ನಮ್ಮ ಚೂರು ಸೋಮವಾರ ರಾತ್ರಿಯೆಲ್ಲ ಅದರಲ್ಲೇ ಇರಲಿ. ಸರಿಯಾಗಿ ಫಿಕ್ಸ್ ಆಗದ ಅಂಗಾಂಶಕ್ಕೆ ಡೀಕ್ಯಾಲ್ ದ್ರವದ ಹೊಡೆತ ಬಹಳ ಹೆಚ್ಚು. ಮಂಗಳವಾರ ಬೆಳಿಗ್ಗೆ ಟೆಕ್ನಿಷಿಯನ್ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ, ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಬೆಲೆಬಾಳುವ ಕೆಲಸ ಅದೇ: ಚಿಮಟದಲ್ಲಿ ಒತ್ತಿ ನೋಡಿ, ಮೂಳೆ ಇಲ್ಲದ ಮೆತ್ತನೆಯ ಚೂರುಗಳನ್ನು ಬೇರೆ ಕ್ಯಾಸೆಟ್ಟಿಗೆ ಹಾಕುವುದು. ಅವಕ್ಕೆ ಡೀಕ್ಯಾಲ್ ಬೇಕಾಗಿಯೇ ಇಲ್ಲ. ಅದರಲ್ಲಿ ಗಡ್ಡೆಯ ಕೋಶಗಳು ಸಾಕಷ್ಟು ಸಿಕ್ಕಿದರೆ ರಿಸೆಪ್ಟರ್, ಜೀನ್ ಪರೀಕ್ಷೆಗಳನ್ನೆಲ್ಲ ಅಲ್ಲೇ ಮಾಡಬಹುದು.

ಉಳಿದ ಎರಡು ಕಡ್ಡಿಗಳನ್ನು ನೀರಿನಲ್ಲಿ ತೊಳೆದು ಇಡಿಟಿಎಗೆ ಹಾಕುತ್ತಾರೆ. ಇಷ್ಟು ಸಣ್ಣ ಚೂರಿಗೂ ನೂರು ಮಿಲಿಲೀಟರ್ ದ್ರವ ಇರುವುದು ಒಳ್ಳೆಯದು. ಕ್ಯಾಸೆಟ್ಟನ್ನು ತಳಕ್ಕೆ ಬಿಡದೆ ದಾರ ಕಟ್ಟಿ ನಡುವೆ ತೂಗಿಬಿಡಬೇಕು, ಇಲ್ಲವೇ ಬಾಟಲಿ ಮೆಲ್ಲಗೆ ಅಲುಗಾಡುತ್ತಿರಬೇಕು. ಕ್ಯಾಲ್ಸಿಯಂ ತುಂಬಿದ ದ್ರವ ಚೂರಿನ ಸುತ್ತಲೇ ನಿಂತರೆ ಕೆಲಸ ಮುಂದೆ ಸಾಗದು. ಬಿಸಿ ಮಾಡಿದರೆ ವೇಗ ಹೆಚ್ಚುತ್ತದೆ. ಇಡಿಟಿಎಯನ್ನು 37 ಡಿಗ್ರಿಯಲ್ಲಿ ಇಡುವುದುಂಟು, ಆದರೆ ಆಮ್ಲವನ್ನು ಬಿಸಿ ಮಾಡುವ ಅಭ್ಯಾಸ ಬಿಡಬೇಕು. ಬುಧವಾರ ದ್ರವ ಬದಲಿಸಿದರೆ, ಈ ಗಾತ್ರದ ಕಡ್ಡಿಗಳು ಗುರುವಾರದ ಹೊತ್ತಿಗೆ ಸಾಮಾನ್ಯವಾಗಿ ಸಿದ್ಧ. ತೊಡೆಮೂಳೆಯ ಹೊರಕವಚದಂಥ ದಪ್ಪ ತುಂಡಾದರೆ ಇಡಿಟಿಎಗೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಆಪರೇಷನ್‌ನಲ್ಲಿ ತೆಗೆದ ದೊಡ್ಡ ಮೂಳೆಗೆ, ಮೆತ್ತನೆಯ ಭಾಗವನ್ನು ಮೊದಲೇ ಎತ್ತಿಟ್ಟುಕೊಂಡು, ಫಾರ್ಮಿಕ್ ಆಮ್ಲ ಬಳಸುವುದರಲ್ಲಿ ತಪ್ಪಿಲ್ಲ.

"ಸಿದ್ಧ" ಎಂದು ತಿಳಿಯುವುದು ಹೇಗೆ? ತುಂಬ ಲ್ಯಾಬುಗಳಲ್ಲಿ ಬಗ್ಗಿಸಿ ನೋಡುತ್ತಾರೆ, ಸೂಜಿ ಚುಚ್ಚಿ ನೋಡುತ್ತಾರೆ. ಅನುಭವಿ ಕೈಗೆ ಇದು ಗೊತ್ತಾಗುವುದು ನಿಜ. ಆದರೆ ಎರಡು ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ ಸೂಜಿ ಮಾಡಿದ ದಾರಿ ಸ್ಲೈಡಿನಲ್ಲೂ ಕಾಣುತ್ತದೆ, ಬಗ್ಗಿಸಿದರೆ ಮಜ್ಜೆ ಜಜ್ಜಿಹೋಗುತ್ತದೆ, ಒಳಗೆ ಉಳಿದ ಸಣ್ಣ ಗಟ್ಟಿ ಚೂರು ತಪ್ಪಿಸಿಕೊಳ್ಳುತ್ತದೆ. ಗುಳ್ಳೆ ನಿಂತಿತು ಎಂಬುದನ್ನಂತೂ ನಂಬಲೇಬಾರದು.

ಆಮ್ಲ ಬಳಸಿದ್ದರೆ ರಾಸಾಯನಿಕ ಪರೀಕ್ಷೆ ಸುಲಭ. ಚೂರು ಹೊಸ ದ್ರವದಲ್ಲಿ ಕೆಲವು ಗಂಟೆ ಇದ್ದ ಮೇಲೆ ಬಾಟಲಿಯ ತಳದಿಂದ ಐದು ಮಿಲಿಲೀಟರ್ ತೆಗೆದುಕೊಂಡು, ಲಿಟ್ಮಸ್ ಕಾಗದ ನೋಡುತ್ತಾ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಹಾಕಿ ಆಮ್ಲತೆ ಕಳೆಯಬೇಕು. ಆಗಲೇ ದ್ರವ ಕದಡಿದರೆ ಕ್ಯಾಲ್ಸಿಯಂ ಬೇಕಾದಷ್ಟಿದೆ ಎಂದರ್ಥ. ತಿಳಿಯಾಗಿಯೇ ಇದ್ದರೆ ಅಷ್ಟೇ ಪ್ರಮಾಣದ ಅಮೋನಿಯಂ ಆಕ್ಸಲೇಟ್‌ನ ಸಂತೃಪ್ತ ದ್ರಾವಣ ಹಾಕಿ ಅರ್ಧ ಗಂಟೆ ಕಾಯಬೇಕು. ಬಿಳಿ ಮಬ್ಬು ಬಂದರೆ ಇನ್ನೂ ಕ್ಯಾಲ್ಸಿಯಂ ಇಳಿಯುತ್ತಿದೆ. ದ್ರವ ಬದಲಿಸಿ ಮುಂದುವರಿಸಬೇಕು. ಸತತ ಎರಡು ಸಲ ಮಬ್ಬು ಬಾರದಿದ್ದರೆ ಮುಗಿಯಿತು. ಇಡಿಟಿಎ ದ್ರವಕ್ಕೆ ಇದನ್ನೇ ಮಾಡಿದರೆ ಮೋಸಹೋಗುತ್ತೀರಿ. ಅಲ್ಲಿ ಕ್ಯಾಲ್ಸಿಯಂ ಇಡಿಟಿಎಯ ಹಿಡಿತದಲ್ಲಿರುವುದರಿಂದ ಆಕ್ಸಲೇಟ್‌ಗೆ ಸಿಗುವುದಿಲ್ಲ, ದ್ರವ ಸುಳ್ಳೇ ತಿಳಿಯಾಗಿ ಕಾಣುತ್ತದೆ. ಮೊದಲು ಪಿಎಚ್ ಅನ್ನು ಮೂರೂವರೆಯ ಹತ್ತಿರಕ್ಕೆ ಇಳಿಸಿ ಆ ಹಿಡಿತ ಬಿಡಿಸಬೇಕು.

ಎಲ್ಲಕ್ಕಿಂತ ನಂಬಬಹುದಾದದ್ದು ಎಕ್ಸ್-ರೇ. ಚೂರನ್ನು ಮುಟ್ಟುವಂತಿಲ್ಲ, ಚುಚ್ಚುವಂತಿಲ್ಲ. ಕ್ಯಾಲ್ಸಿಯಂ ಉಳಿದಿದ್ದರೆ ಅಲ್ಲಿ ಬೆಳ್ಳಗೆ ಚುಕ್ಕೆ ಬೀಳುತ್ತದೆ. ಮಾದರಿಗಳಿಗೆಂದೇ ಇರುವ ಸಣ್ಣ ಎಕ್ಸ್-ರೇ ಯಂತ್ರ ಎಲ್ಲ ಲ್ಯಾಬಿನಲ್ಲಿ ಇರುವುದಿಲ್ಲ, ಆದರೆ ದೊಡ್ಡ ಆಸ್ಪತ್ರೆಯಲ್ಲಿ ಮ್ಯಾಮೋಗ್ರಫಿ ವಿಭಾಗದವರ ನೆರವು ಕೇಳಬಹುದು. ನಮ್ಮ ಪ್ರಸಂಗದ ಒಂದು ಕಡ್ಡಿಯಲ್ಲಿ ಗುರುವಾರ ಬೆಳಿಗ್ಗೆ ತುದಿಯಲ್ಲಿ ಚುಕ್ಕೆ ಕಂಡಿತು ಎನ್ನೋಣ. ಅದು ಮೂಳೆಯ ಹೊರಕವಚದ ತುದಿ. ಸಂಜೆಯವರೆಗೆ ಬಿಟ್ಟರೆ ಸಾಕು. ಇಡಿಟಿಎಯಲ್ಲಿ ನಾಲ್ಕಾರು ಗಂಟೆ ಹೆಚ್ಚಾದರೆ ನಷ್ಟವಿಲ್ಲ. ಪ್ರಬಲ ಆಮ್ಲವಾಗಿದ್ದರೆ ಅಷ್ಟೇ ಹೊತ್ತು ಚೂರನ್ನು ನಿಷ್ಪ್ರಯೋಜಕ ಮಾಡಿಬಿಡುತ್ತಿತ್ತು. ಶನಿವಾರ ಸಂಜೆ ಆಮ್ಲಕ್ಕೆ ಹಾಕಿ ಸೋಮವಾರ ತೆಗೆಯುವ ಪದ್ಧತಿ ಎಲ್ಲೇ ಇರಲಿ, ನಿಲ್ಲಬೇಕು.

ಬ್ಲೇಡಿಗೆ ಬಂದ ಮೇಲೆ ಮೂಳೆ ಗಟ್ಟಿ ಎಂದು ತಿಳಿದರೂ ದಾರಿ ಇದೆ. ಮೇಣದ ಬ್ಲಾಕಿನ ಮುಖವನ್ನು ಶೇಕಡ ಒಂದರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆದ ಕಾಗದದ ಮೇಲೆ ಸ್ವಲ್ಪ ಹೊತ್ತು ಮಗುಚಿಟ್ಟು, ತೊಳೆದು, ಕೂಡಲೇ ಸೀಳಬೇಕು. ಮೇಲಿನ ಕೆಲವೇ ಪದರಗಳು ಮೆತ್ತಗಾಗುತ್ತವೆ. ಆ ಪದರಗಳನ್ನು ಹರ್-2 ಪರೀಕ್ಷೆಗೆ ಬಳಸಬಾರದು.

ಅತಿಯಾದ ಆಮ್ಲದಲ್ಲಿ ಅಪಾಯ ಇರುವುದು ಪರೀಕ್ಷೆ ಸೋಲುವುದರಲ್ಲಲ್ಲ, ಸೋತದ್ದು ತಿಳಿಯದಿರುವುದರಲ್ಲಿ. ಹರ್-2 ಜೀನಿನ ಫಿಶ್ ಪರೀಕ್ಷೆಯಲ್ಲಿ ಹೊಳೆಯುವ ಚುಕ್ಕೆಗಳೇ ಬಾರದಿದ್ದರೆ ಪರೀಕ್ಷೆ ಕೆಟ್ಟಿತೆಂದು ಎಲ್ಲರಿಗೂ ಕಾಣುತ್ತದೆ. ಈಸ್ಟ್ರೋಜನ್ ರಿಸೆಪ್ಟರ್‌ನ ಕಂದು ಬಣ್ಣ ಮಂಕಾಗಿ ಅಳಿಸಿಹೋದರೆ ಮಾತ್ರ ಅದು "ನೆಗೆಟಿವ್" ಎಂಬ ಉತ್ತರದಂತೆಯೇ ಕಾಣುತ್ತದೆ, ಹಾರ್ಮೋನ್ ಮಾತ್ರೆ ಫಲಿಸಬಹುದಾಗಿದ್ದ ಮಹಿಳೆಗೆ ಮಾತ್ರೆ ತಪ್ಪುತ್ತದೆ. ಅನುಮಾನ ಬಂದಾಗ ಅದೇ ಸ್ಲೈಡಿನ ಆರೋಗ್ಯವಂತ ಮಜ್ಜೆಯ ಕೋಶಗಳನ್ನು ಕಿ-67ರಿಂದ ನೋಡಬಹುದು. ಅವು ಸದಾ ವಿಭಜಿಸುತ್ತಿರುವ ಕೋಶಗಳು. ಅಲ್ಲೂ ಬಣ್ಣ ಇಲ್ಲವೆಂದರೆ ದೋಷ ಗಡ್ಡೆಯದ್ದಲ್ಲ, ದ್ರವದ್ದು. ಕಬ್ಬಿಣದ ಅಂಶವನ್ನಂತೂ ಆಮ್ಲವೂ ಇಡಿಟಿಎಯೂ ಎಳೆದು ತೆಗೆಯುತ್ತವೆ, ಆದ್ದರಿಂದ ಮಜ್ಜೆಯ ಕಬ್ಬಿಣ ನೋಡಬೇಕಾದಾಗ ಸಿರಿಂಜಿನಲ್ಲಿ ಎಳೆದ ಮಜ್ಜೆಯ ಸ್ಲೈಡೇ ಬೇಕು.

ನಮ್ಮಲ್ಲಿ ರೋಗಿಯ ಕಡೆಯವರು ಸ್ಲೈಡು ಮತ್ತು ಬ್ಲಾಕುಗಳನ್ನು ಕೈಯಲ್ಲಿ ಹಿಡಿದು ಒಂದು ಊರಿನ ಆಸ್ಪತ್ರೆಯಿಂದ ಇನ್ನೊಂದು ಊರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿನ ಪೆಥಾಲಜಿಸ್ಟ್‌ಗೆ ಬ್ಲಾಕ್ ನೋಡಿದರೆ ಯಾವ ದ್ರವದಲ್ಲಿ ಎಷ್ಟು ಹೊತ್ತು ಇತ್ತೆಂದು ಗೊತ್ತಾಗುವುದಿಲ್ಲ. ರಿಪೋರ್ಟಿನ ಕೊನೆಯಲ್ಲಿ "ಫಾರ್ಮಲಿನ್ 20 ಗಂಟೆ, ಇಡಿಟಿಎ ಶೇಕಡ 14, 56 ಗಂಟೆ, ಮೆತ್ತನೆಯ ಭಾಗ ಡೀಕ್ಯಾಲ್ ಇಲ್ಲದೆ ಬ್ಲಾಕ್ ಎರಡರಲ್ಲಿದೆ" ಎಂದು ಒಂದು ಸಾಲು ಬರೆದಿದ್ದರೆ, ಅವರು ನೇರವಾಗಿ ಎರಡನೆಯ ಬ್ಲಾಕನ್ನೇ ಎತ್ತಿಕೊಂಡು ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಆಕೆಗೆ ಇನ್ನೊಮ್ಮೆ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವ ಕಷ್ಟ ತಪ್ಪುತ್ತದೆ.