ಉಸಿರಿನ ರೇಖೆ ಏರಿದ್ದು ಎಷ್ಟು ಹೊತ್ತಿಗೆ?

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಆಮೇಲೆ ಭೇದಿ. ಹೀಗೆ ಹೇಳಿಕೊಂಡು ಹೋದವರಿಗೆ ವೈದ್ಯರು ಕೆಲವೊಮ್ಮೆ ಹೈಡ್ರೋಜನ್ ಉಸಿರು ಪರೀಕ್ಷೆ ಬರೆದುಕೊಡುತ್ತಾರೆ. ಸೂಜಿ ಇಲ್ಲ, ಗಂಟಲಿಗೆ ಇಳಿಸುವ ನಳಿಕೆ ಇಲ್ಲ. ಸಕ್ಕರೆ ನೀರು ಕುಡಿದು, ಮೂರು ಗಂಟೆ ಕೂತು, ಆಗಾಗ ಊದಬೇಕು ಅಷ್ಟೆ. ವರದಿಯಲ್ಲಿ ಸಿಗುವುದು ಒಂದು ರೇಖೆ. ಅದು ಎಷ್ಟು ಎತ್ತರಕ್ಕೆ ಹೋಯಿತು ಎಂಬುದನ್ನು ಎಲ್ಲರೂ ನೋಡುತ್ತಾರೆ. ಎಷ್ಟು ಹೊತ್ತಿಗೆ ಏರಿತು ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕು.

ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ. ಉಸಿರಿನಲ್ಲಿ ಅದು ಕಂಡರೆ, ಬ್ಯಾಕ್ಟೀರಿಯಾಗಳು ಎಲ್ಲೋ ಸಕ್ಕರೆಯನ್ನು ಹುದುಗಿಸುತ್ತಿವೆ ಎಂದರ್ಥ. ಕರುಳಿನಲ್ಲಿ ಹುಟ್ಟಿದ ಅನಿಲ ರಕ್ತಕ್ಕೆ ಸೇರಿ, ಶ್ವಾಸಕೋಶ ತಲುಪಿ, ಹೊರಬರುತ್ತದೆ. ಈ ಬ್ಯಾಕ್ಟೀರಿಯಾಗಳ ದೊಡ್ಡ ಬೀಡು ಇರುವುದು ದೊಡ್ಡ ಕರುಳಿನಲ್ಲಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಸಣ್ಣ ಕರುಳಿನ ಲ್ಯಾಕ್ಟೇಸ್ ಕಿಣ್ವ ಒಡೆದುಬಿಟ್ಟರೆ ಅದು ಅಲ್ಲೇ ರಕ್ತ ಸೇರುತ್ತದೆ, ದೊಡ್ಡ ಕರುಳಿಗೆ ಏನೂ ಉಳಿಯುವುದಿಲ್ಲ. ಕಿಣ್ವ ಕಡಿಮೆಯಾದವರಲ್ಲಿ ಲ್ಯಾಕ್ಟೋಸ್ ಹಾಗೇ ಕೆಳಗಿಳಿಯುತ್ತದೆ.

ಉದಾಹರಣೆಗೆ ಒಬ್ಬ ಹೆಣ್ಣುಮಗಳ ವರದಿಯನ್ನು ಕಲ್ಪಿಸಿಕೊಳ್ಳಿ. ಹಿಂದಿನ ರಾತ್ರಿ ಆಕೆ ಬೇಳೆ, ಕಾಳು, ಚಪಾತಿ ಬಿಟ್ಟು ಬಿಳಿ ಅನ್ನವನ್ನಷ್ಟೇ ಉಂಡಿದ್ದಾಳೆ. ಅಕ್ಕಿ ಬಹುಪಾಲು ಮೇಲೆಯೇ ಜೀರ್ಣವಾಗುವುದರಿಂದ ಅನಿಲ ಕಡಿಮೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಊದಿದಾಗ ಬಂದದ್ದು 4 ಪಿಪಿಎಂ, ಅಂದರೆ ಉಸಿರಿನ ಹತ್ತು ಲಕ್ಷ ಭಾಗದಲ್ಲಿ ನಾಲ್ಕು ಭಾಗ ಹೈಡ್ರೋಜನ್. ಆಮೇಲೆ 25 ಗ್ರಾಂ ಲ್ಯಾಕ್ಟೋಸ್ ಕುಡಿಸಿದರು. ಅರ್ಧ ಲೀಟರ್ ಹಾಲಿನಲ್ಲಿರುವುದು ಹೆಚ್ಚುಕಡಿಮೆ ಅಷ್ಟೇ. ಅರ್ಧ ಗಂಟೆಗೊಮ್ಮೆ ಸಿಕ್ಕ ಅಂಕಿಗಳು: 5, 6, 15, 46, 71, 63. ಆರಂಭದ ಅಂಕಿಗಿಂತ 20 ಪಿಪಿಎಂ ಹೆಚ್ಚಾದರೆ ಪರೀಕ್ಷೆ ಪಾಸಿಟಿವ್. ಇಲ್ಲಿ ಆ ಗೆರೆ ದಾಟಿದ್ದು ಎರಡನೇ ಗಂಟೆಯ ಅಳತೆಯಲ್ಲಿ. ಅಷ್ಟು ಹೊತ್ತಿಗೆ ಸಕ್ಕರೆ ದೊಡ್ಡ ಕರುಳು ತಲುಪಿರುತ್ತದೆ. ಅದೇ ಹೊತ್ತಿಗೆ ಹೊಟ್ಟೆ ಉಬ್ಬರಿಸಿತೆಂದು ಆಕೆ ಚೀಟಿಯಲ್ಲಿ ಬರೆದಿದ್ದಾಳೆ. ಲ್ಯಾಕ್ಟೋಸ್ ಅಸಹಿಷ್ಣುತೆಯ ಮಾದರಿ ರೇಖೆ ಇದು. ಆ ಚೀಟಿಯೂ ಮುಖ್ಯ: ರೇಖೆ ಏರಿಯೂ ಏನೂ ತೊಂದರೆಯಾಗದಿದ್ದರೆ ಸಕ್ಕರೆ ಹೀರಿಕೆಯಾಗಲಿಲ್ಲ ಎನ್ನಬಹುದು, ಅಸಹಿಷ್ಣುತೆ ಎನ್ನಲಾಗದು.

ಇದೇ ರೇಖೆ ಅರ್ಧ ಗಂಟೆಗೇ 30 ದಾಟಿದ್ದರೆ? ಸಕ್ಕರೆ ಅಷ್ಟು ಬೇಗ ದೊಡ್ಡ ಕರುಳಿಗೆ ಸಾಮಾನ್ಯವಾಗಿ ಇಳಿಯದು. ಬ್ಯಾಕ್ಟೀರಿಯಾಗಳೇ ಸಣ್ಣ ಕರುಳಿಗೆ ಬಂದು ನೆಲೆಸಿರಬಹುದೆಂಬ ಅನುಮಾನ ಆಗ ಹುಟ್ಟುತ್ತದೆ. ತೂಕ ಇಳಿಕೆ, ಹಿಂದೆ ಆದ ಕರುಳಿನ ಶಸ್ತ್ರಚಿಕಿತ್ಸೆ ಇತ್ಯಾದಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಅದನ್ನು ನೋಡಲು ಬೇರೆ ದಿನ 75 ಗ್ರಾಂ ಗ್ಲೂಕೋಸ್ ಕುಡಿಸುತ್ತಾರೆ. ಗ್ಲೂಕೋಸ್ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಲ್ಪಡುತ್ತದೆ. ಆದ್ದರಿಂದ 90 ನಿಮಿಷದೊಳಗೆ 20 ಏರಿದರೆ ಬ್ಯಾಕ್ಟೀರಿಯಾ ಹೆಚ್ಚಳ ಎಂದು ಓದುತ್ತಾರೆ. ಕೆಳಭಾಗದಲ್ಲಷ್ಟೇ ಅವು ಇದ್ದರೆ ಗ್ಲೂಕೋಸ್ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಪರೀಕ್ಷೆ ತಪ್ಪಿಸಿಕೊಳ್ಳುತ್ತದೆ. ಲ್ಯಾಕ್ಟುಲೋಸ್ ಎಂಬ, ದೇಹ ಹೀರದ ಸಕ್ಕರೆ ಬಳಸಿದರೆ ಉಲ್ಟಾ ತೊಂದರೆ. ಕರುಳು ಬೇಗ ಸಾಗುವವರಲ್ಲಿ ಅದು ಒಂದೂವರೆ ಗಂಟೆಯೊಳಗೇ ದೊಡ್ಡ ಕರುಳು ಸೇರಿ, ಇಲ್ಲದ ರೋಗವನ್ನು ಇದೆಯೆಂದು ತೋರಿಸಬಹುದು. ಬರೀ ಲ್ಯಾಕ್ಟುಲೋಸ್ ವರದಿ ನೋಡಿ ಆ್ಯಂಟಿಬಯೋಟಿಕ್ ಶುರುಮಾಡುವುದು ನನಗೆ ಅವಸರವೆನಿಸುತ್ತದೆ.

ಕೆಲವರ ರೇಖೆ ಮೂರು ಗಂಟೆಯೂ ನೆಲಕ್ಕೇ ಅಂಟಿಕೊಂಡಿರುತ್ತದೆ, ಹೊಟ್ಟೆ ಮಾತ್ರ ಉಬ್ಬಿರುತ್ತದೆ. ಅವರ ಕರುಳಿನ ಕೆಲವು ಸೂಕ್ಷ್ಮಜೀವಿಗಳು ಹೈಡ್ರೋಜನ್ ತಿಂದು ಮೀಥೇನ್ ಮಾಡುತ್ತಿರಬಹುದು. ಹಾಗಾಗಿ ಒಳ್ಳೆಯ ಯಂತ್ರಗಳು ಎರಡೂ ಅನಿಲ ಅಳೆಯುತ್ತವೆ. ಮೀಥೇನ್ ಯಾವ ಹೊತ್ತಿನಲ್ಲಾದರೂ 10 ಪಿಪಿಎಂ ಮುಟ್ಟಿದರೆ ಗಣನೆಗೆ ಬರುತ್ತದೆ, ಮಲಬದ್ಧತೆ ಇರುವವರಲ್ಲಿ ಇದು ಹೆಚ್ಚು. ಇತ್ತೀಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೂ ರೇಖೆ ಏಳದು. ಅದಕ್ಕೇ ನಾಲ್ಕು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಸಕ್ಕರೆ ನೀರು ಕುಡಿಯುವ ಮೊದಲೇ ಅಂಕಿ 20 ದಾಟಿದ್ದರೆ ರಾತ್ರಿ ಕಾಳಿನ ಹುಳಿ ಉಂಡಿದ್ದಿರಾ ಎಂದು ಕೇಳಿ, ಹೌದೆಂದರೆ ಮತ್ತೊಂದು ದಿನ ಕರೆಸುತ್ತಾರೆ. ಕುಡಿದ ಕೆಲವೇ ನಿಮಿಷಕ್ಕೆ ಜಿಗಿದು ಇಳಿಯುವ ಚೂಪು ಸಾಮಾನ್ಯವಾಗಿ ಬಾಯಿಯ ಬ್ಯಾಕ್ಟೀರಿಯಾಗಳದ್ದು. ಚೆನ್ನಾಗಿ ಬಾಯಿ ಮುಕ್ಕಳಿಸಿದ್ದರೆ ಬರುವುದಿಲ್ಲ.

ಲ್ಯಾಕ್ಟೋಸ್ ಪಾಸಿಟಿವ್ ಬಂದ ಆ ಹೆಣ್ಣುಮಗಳು ಹಾಲು ಪೂರ್ತಿ ಬಿಡಬೇಕಿಲ್ಲ. ಪರೀಕ್ಷೆಗೆ ಕೊಟ್ಟದ್ದು ಒಂದೇ ಗುಕ್ಕಿಗೆ ಅರ್ಧ ಲೀಟರ್ ಹಾಲಿನಷ್ಟು ಲ್ಯಾಕ್ಟೋಸ್. ಅದರ ಅರ್ಧದಷ್ಟನ್ನು ಇಂಥವರಲ್ಲಿ ಬಹಳ ಮಂದಿ ಊಟದ ಜೊತೆ ಸಲೀಸಾಗಿ ತಾಳಿಕೊಳ್ಳುತ್ತಾರೆ. ಬೆಳಗಿನ ಫಿಲ್ಟರ್ ಕಾಫಿಗೆ ಬೀಳುವ ನೂರು ಮಿಲಿಲೀಟರ್ ಹಾಲಿನಲ್ಲಿ ಐದು ಗ್ರಾಂ ಸಿಕ್ಕರೆ ಹೆಚ್ಚು.